ದರಸಮರ ನಡೆದ ಮಾತ್ರಕ್ಕೆ ಒಳಒಪ್ಪಂದ ಮುರಿದಿದೆ ಎನ್ನಲಾಗದು

‘ದೊಡ್ಡ ಕಂಪನಿಗಳು ಒಳಗೊಳಗೇ ಕೂಡಿಕೊಂಡು ದರ ಕಟ್ಟುತ್ತವೆ ಅಂತೀರಿ. ಹಾಗಿದ್ದರೆ ವ್ಯಾಪಾರ ಬಿದ್ದಾಗ ಅವೇ ಕಂಪನಿಗಳು ಹಟಕ್ಕೆ ಬಿದ್ದು ದರ ಇಳಿಸುವುದೇಕೆ? ನಿಜವಾಗಿ ಒಪ್ಪಂದ ಇದ್ದಿದ್ದರೆ ಹೀಗಾಗುತ್ತಿತ್ತೇ?’ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಪ್ರಶ್ನೆಯ ಹಿಂದಿನ ತರ್ಕ ಸರಳ: ಒಪ್ಪಂದ ಗಟ್ಟಿಯಾಗಿದ್ದರೆ ದರ ಮೇಲಿರಬೇಕು, ದರ ಬಿದ್ದರೆ ಒಪ್ಪಂದ ಮುರಿದಿರಬೇಕು. ಕೇಳಲು ಸರಿಯೆನಿಸುತ್ತದೆ. ಆದರೆ ಒಂದು ಕಂಪನಿ ನಿಜವಾಗಿ ಯಾವ ದರಕ್ಕೆ ಮಾರಿತೆಂಬುದು ಇನ್ನೊಂದಕ್ಕೆ ಕಾಣದಂಥ ಉದ್ದಿಮೆಯಲ್ಲಿ ಈ ತರ್ಕ ನಿಲ್ಲುವುದಿಲ್ಲ. ಅಂಥ ಕಡೆ ಆಗಾಗ ಬಂದು ಹೋಗುವ ದರಸಮರವೇ ಒಪ್ಪಂದವನ್ನು ಹಿಡಿದಿಟ್ಟಿರುತ್ತದೆ. ಇದನ್ನು ತೋರಿಸಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅಮೆರಿಕದ ರೈಲ್ವೆಯದು, ಅದೂ 1880ರ ದಶಕದ್ದು.

ಆ ಕಾಲದಲ್ಲಿ ಅಮೆರಿಕದ ನಡುನಾಡಿನ ಗೋಧಿ, ಮೆಕ್ಕೆಜೋಳವೆಲ್ಲ ಷಿಕಾಗೊಕ್ಕೆ ಬಂದು ಬೀಳುತ್ತಿತ್ತು. ಅಲ್ಲಿಂದ ಪೂರ್ವ ಕರಾವಳಿಯ ಬಂದರುಗಳಿಗೆ ಸಾಗಿಸುತ್ತಿದ್ದುದು ಕೆಲವೇ ರೈಲ್ವೆ ಕಂಪನಿಗಳು. ನ್ಯೂಯಾರ್ಕ್ ಸೆಂಟ್ರಲ್, ಪೆನ್ಸಿಲ್ವೇನಿಯಾ, ಬಾಲ್ಟಿಮೋರ್ ಅಂಡ್ ಓಹಾಯೊ ಅವುಗಳಲ್ಲಿ ಮುಖ್ಯವಾದವು. ಹಳಿ ಹಾಕುವುದಕ್ಕೇ ಅಪಾರ ಹಣ ಸುರಿದಾಗಿತ್ತು. ಒಮ್ಮೆ ಹಳಿ ಬಿದ್ದ ಮೇಲೆ ಇನ್ನೊಂದು ವ್ಯಾಗನ್ ಧಾನ್ಯ ಸೇರಿಸಿಕೊಳ್ಳಲು ಹೆಚ್ಚಿನ ಖರ್ಚೇನೂ ಇಲ್ಲ. ಹಾಗಾಗಿ ಪೈಪೋಟಿ ಶುರುವಾದರೆ ದರ ಎಲ್ಲಿಗೆ ಇಳಿದು ನಿಲ್ಲುತ್ತದೆಂದು ಹೇಳುವಂತಿರಲಿಲ್ಲ. ಇದನ್ನು ತಡೆಯಲು ಕಂಪನಿಗಳು 1879ರಲ್ಲಿ ಜಾಯಿಂಟ್ ಎಕ್ಸಿಕ್ಯುಟಿವ್ ಕಮಿಟಿ ಎಂಬ ಕೂಟ ಕಟ್ಟಿಕೊಂಡವು. ಆಲ್ಬರ್ಟ್ ಫಿಂಕ್ ಎಂಬ ಜರ್ಮನ್ ಮೂಲದ ಎಂಜಿನಿಯರ್ ಅದರ ಮುಖ್ಯಸ್ಥ. ಸೇತುವೆಗಳ ವಿನ್ಯಾಸಕ್ಕೆ ಹೆಸರಾಗಿದ್ದವನು. ಕದ್ದುಮುಚ್ಚಿ ನಡೆಸಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಏಕಸ್ವಾಮ್ಯಗಳ ವಿರುದ್ಧದ ಷೆರ್ಮನ್ ಕಾಯ್ದೆ ಬಂದದ್ದು 1890ರಲ್ಲಿ. ಕೂಟದ ವ್ಯವಹಾರ ಪತ್ರಿಕೆಗಳಲ್ಲೇ ವರದಿಯಾಗುತ್ತಿತ್ತು. ಇಂದು ಅರ್ಥಶಾಸ್ತ್ರದವರಿಗೆ ಇದರ ಬಗ್ಗೆ ಇಷ್ಟೊಂದು ಗೊತ್ತಿರುವುದಕ್ಕೆ ಕಾರಣವೇ ಅದು.

ಕೂಟದ ಒಪ್ಪಂದ ಹೀಗಿತ್ತು: ಷಿಕಾಗೊದಿಂದ ಪೂರ್ವಕ್ಕೆ ಹೋಗುವ ಒಟ್ಟು ಸರಕಿನಲ್ಲಿ ಪ್ರತಿ ಕಂಪನಿಗೂ ಇಂತಿಷ್ಟು ಪಾಲು. ದರವನ್ನು ಒಟ್ಟಾಗಿ ಘೋಷಿಸುವುದು. ಆದರೆ ಗಿರಾಕಿಯ ಎದುರು ಕುಳಿತು ದರ ಹೇಳುವವನು ಆಯಾ ಕಂಪನಿಯ ಏಜೆಂಟನೇ. ಆ ಮಾತುಕತೆ ಉಳಿದವರ ಕಿವಿಗೆ ಬೀಳುತ್ತಿರಲಿಲ್ಲ. ಧಾನ್ಯದ ವರ್ತಕನೊಬ್ಬನಿಗೆ ರಸೀದಿಯಲ್ಲಿ ಘೋಷಿತ ದರವನ್ನೇ ಬರೆದುಕೊಟ್ಟು, ಆಮೇಲೆ ಒಂದಿಷ್ಟು ಹಣ ಕೈಗೆ ವಾಪಸ್ ಕೊಟ್ಟರೆ ಯಾರಿಗೂ ತಿಳಿಯದು. ತೂಕವನ್ನೇ ಕಡಿಮೆ ಬರೆದರೂ ಅಷ್ಟೇ. ಕೂಟದ ಕಚೇರಿ ಮಾಡಬಹುದಾಗಿದ್ದುದು ಒಂದೇ. ಪ್ರತಿ ವಾರ ಯಾರು ಎಷ್ಟು ಸರಕು ಸಾಗಿಸಿದರು ಎಂಬ ಲೆಕ್ಕ ತರಿಸಿ ಎಲ್ಲರಿಗೂ ತೋರಿಸುವುದು.

ಇನ್ನು ಆ ಲೆಕ್ಕ ಕೈಗೆ ಬಂದ ಒಬ್ಬ ರೈಲ್ವೆ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ. ಈ ವಾರ ನಮ್ಮ ವ್ಯಾಗನ್‌ಗಳು ಅರ್ಧ ಖಾಲಿ ಹೋಗಿವೆ. ಏಕೆ? ಬೆಳೆ ಕಡಿಮೆಯಾಗಿರಬಹುದು. ಯೂರೋಪಿನಿಂದ ಬೇಡಿಕೆ ಕುಗ್ಗಿರಬಹುದು. ವರ್ತಕರು ಬೆಲೆ ಏರಲೆಂದು ಧಾನ್ಯವನ್ನು ಗೋದಾಮಿನಲ್ಲೇ ಹಿಡಿದಿಟ್ಟಿರಬಹುದು. ಅಥವಾ ಪಕ್ಕದ ಕಂಪನಿಯವನು ಗುಟ್ಟಾಗಿ ರಿಯಾಯಿತಿ ಕೊಟ್ಟು ನಮ್ಮ ಗಿರಾಕಿಗಳನ್ನು ಸೆಳೆದುಕೊಂಡಿರಬಹುದು. ಖಾಲಿ ವ್ಯಾಗನ್ ಇವುಗಳಲ್ಲಿ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಬೇರೆ ಕಂಪನಿಗಳು ಕೊಟ್ಟ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೂ ಪ್ರಶ್ನೆಯೇ. ಷಿಕಾಗೊ ವಿಶ್ವವಿದ್ಯಾಲಯದ ಜಾರ್ಜ್ ಸ್ಟಿಗ್ಲರ್ 1964ರಲ್ಲಿ ಬರೆದ ಪ್ರಬಂಧದಲ್ಲಿ ಒತ್ತಿ ಹೇಳಿದ್ದು ಇದನ್ನೇ: ದರ ಒಪ್ಪಿಕೊಳ್ಳುವುದಕ್ಕಿಂತ ಗುಟ್ಟಿನ ರಿಯಾಯಿತಿಯನ್ನು ಪತ್ತೆ ಹಚ್ಚುವುದೇ ಕೂಟಗಳಿಗೆ ಕಷ್ಟದ ಕೆಲಸ. ಆ ಮಾತಿಗೆ ಪೂರ್ಣ ಗಣಿತರೂಪ ಕೊಟ್ಟವರು ಎಡ್ವರ್ಡ್ ಗ್ರೀನ್ ಮತ್ತು ರಾಬರ್ಟ್ ಪೋರ್ಟರ್, 1984ರಲ್ಲಿ.

ಅವರ ವಾದವನ್ನು ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ತರಗತಿಯಲ್ಲಿ ಒಂದು ಆಟವಾಗಿ ಆಡಿಸುತ್ತಿದ್ದೆ. ಇಬ್ಬರು ವಿದ್ಯಾರ್ಥಿಗಳು ಎರಡು ಸಾಗಣೆ ಕಂಪನಿಗಳು. ಇಬ್ಬರೂ ಒಪ್ಪಿದ ದರಕ್ಕೆ ನಿಂತರೆ ವಾರಕ್ಕೆ ತಲಾ 1,000 ರೂಪಾಯಿ ಲಾಭ. ಒಬ್ಬ ಗುಟ್ಟಾಗಿ ದರ ಇಳಿಸಿದರೆ ಗಿರಾಕಿಗಳೆಲ್ಲ ಅವನ ಕಡೆ, ಅವನಿಗೆ 2,000, ಇನ್ನೊಬ್ಬನಿಗೆ ಸೊನ್ನೆ. ಹತ್ತು ವಾರಕ್ಕೊಮ್ಮೆ, ಯಾವ ವಾರವೆಂದು ಮೊದಲೇ ತಿಳಿಯದಂತೆ, ಸರಕೇ ಬರುವುದಿಲ್ಲ. ಆ ವಾರ ಯಾರು ಏನೇ ಮಾಡಿದ್ದರೂ ಇಬ್ಬರಿಗೂ ಸೊನ್ನೆ. ಪ್ರತಿಯೊಬ್ಬರಿಗೂ ತಮ್ಮ ಗಲ್ಲಾಪೆಟ್ಟಿಗೆ ಮಾತ್ರ ಕಾಣುತ್ತದೆ. ಅಂದರೆ ಸೊನ್ನೆ ಬಂದವನಿಗೆ ಸರಕೇ ಬರಲಿಲ್ಲವೋ, ಜೊತೆಗಾರ ಮೋಸ ಮಾಡಿದನೋ ಗೊತ್ತಾಗುವುದಿಲ್ಲ.

ಮೊದಲು ಇಬ್ಬರೂ ಕ್ಷಮಾಶೀಲರು ಎಂದಿಟ್ಟುಕೊಳ್ಳಿ. ಸೊನ್ನೆ ಬಂದರೆ ‘ಸರಕು ಬಂದಿರಲಿಕ್ಕಿಲ್ಲ ಬಿಡು’ ಎಂದು ಮುಂದಿನ ವಾರವೂ ಅದೇ ದರಕ್ಕೆ ನಿಲ್ಲುತ್ತಾರೆ. ಹಾಗಾದರೆ ಮೋಸ ಮಾಡುವವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಈ ವಾರ 1,000 ಹೆಚ್ಚು ಗಳಿಸಿ, ಮುಂದಿನ ವಾರ ಏನೂ ಆಗದವನಂತೆ ಇರಬಹುದು. ಅದನ್ನು ಇಬ್ಬರೂ ಯೋಚಿಸುತ್ತಾರೆ, ಇಬ್ಬರೂ ದರ ಇಳಿಸುತ್ತಾರೆ, ಒಪ್ಪಂದ ಮೊದಲ ವಾರವೇ ಮುಗಿಯುತ್ತದೆ. ಆದ್ದರಿಂದ ಕಾರಣ ಏನೇ ಇರಲಿ, ಗಲ್ಲಾಪೆಟ್ಟಿಗೆಯಲ್ಲಿ ಸೊನ್ನೆ ಕಂಡರೆ ದಂಡ ಇರಲೇಬೇಕು. ಆ ದಂಡವೇ ದರಸಮರ. ಇಬ್ಬರೂ ಕೆಲವು ವಾರ ಲಾಭವೇ ಉಳಿಯದ ಮಟ್ಟಕ್ಕೆ ದರ ಇಳಿಸಿ ಕೂರುತ್ತಾರೆ, ಆಮೇಲೆ ಹಳೆಯ ದರಕ್ಕೆ ಮರಳುತ್ತಾರೆ.

ಎಷ್ಟು ವಾರ ಎಂಬುದರಲ್ಲೇ ಇಡೀ ಸಂಗತಿ ಇದೆ. ಸಮರ ಒಂದು ವಾರದ್ದೆನ್ನಿ. ಸರಾಸರಿ ಹತ್ತು ಮಾಮೂಲಿ ವಾರಗಳಲ್ಲಿ ಒಂದು ಸೊನ್ನೆಯ ವಾರ, ಅದರ ಹಿಂದೆ ಒಂದು ಸಮರದ ವಾರ. ಹನ್ನೊಂದು ವಾರಕ್ಕೆ 9,000 ಗಳಿಕೆ, ಅಂದರೆ ವಾರಕ್ಕೆ ಸುಮಾರು 818 ರೂಪಾಯಿ. ಒಂದು ವಾರದ ಸಮರವೆಂದರೆ ಈ 818 ಹೋಯಿತೆಂದು ಲೆಕ್ಕ. ಮೋಸದಿಂದ ಬರುವ ಹೆಚ್ಚಿನ ಲಾಭವಾದರೋ 1,000. ಇಷ್ಟು ದಂಡಕ್ಕೆ ಯಾರೂ ಹೆದರುವುದಿಲ್ಲ. ಸಮರವನ್ನು ಎರಡು ವಾರಕ್ಕೆ ಏರಿಸಿದರೆ ಹನ್ನೆರಡು ವಾರಕ್ಕೆ 9,000, ಅಂದರೆ ವಾರಕ್ಕೆ 750. ಸಮರದಲ್ಲಿ ಹೋಗುವುದು ಎರಡು ವಾರಕ್ಕೆ 1,500. ಈಗ ಮೋಸ ಗಿಟ್ಟುವುದಿಲ್ಲ. ಹಾಗಾದರೆ ಇನ್ನಷ್ಟು ಬಿಗಿ ಮಾಡಿ ಹತ್ತು ವಾರ ಇಟ್ಟರೆ? ಮೋಸ ಖಂಡಿತ ನಿಲ್ಲುತ್ತದೆ, ಆದರೆ ಇಪ್ಪತ್ತು ವಾರಕ್ಕೆ 9,000 ಎಂದಾಗಿ ವಾರದ ಸರಾಸರಿ 450ಕ್ಕೆ ಇಳಿಯುತ್ತದೆ. ಯಾರೂ ಮೋಸ ಮಾಡದಿದ್ದರೂ ಸರಕಿಲ್ಲದ ವಾರ ಬಂದೇ ಬರುತ್ತದೆ, ಅದಕ್ಕೆ ಪ್ರತಿ ಸಲವೂ ಹತ್ತು ವಾರದ ಗಳಿಕೆ ತೆರಬೇಕು. ಹೀಗಾಗಿ ಜಾಣ ಕೂಟ ಮೋಸವನ್ನು ಲಾಭವಿಲ್ಲದ ಕೆಲಸ ಮಾಡುವಷ್ಟು ಉದ್ದದ ಸಮರವನ್ನು ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಒಂದು ವಾರವೂ ಹೆಚ್ಚು ಮಾಡುವುದಿಲ್ಲ. ಸಮರ ಶುರುವಾಗುವುದಷ್ಟೇ ಅಲ್ಲ, ತಾನಾಗಿ ಮುಗಿಯುವುದೂ ಲೆಕ್ಕದೊಳಗಿನ ಮಾತೇ.

ಒಂದು ವರ್ಷ ಈ ಆಟದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮೇಡಂ, ಈ ಶಿಕ್ಷೆ ಇರೋದರಿಂದ ಇಬ್ಬರೂ ಮೋಸ ಮಾಡಲ್ಲ. ಮಾಡಲ್ಲ ಅಂತ ಇಬ್ಬರಿಗೂ ಗೊತ್ತು. ಅಂದಮೇಲೆ ಸೊನ್ನೆ ಬಂದಾಗ ಅದು ಸರಕಿಲ್ಲದ ವಾರ ಅಂತಲೂ ಗೊತ್ತಲ್ವಾ? ತಪ್ಪೇ ಮಾಡದವರನ್ನು ಶಿಕ್ಷಿಸೋದು ಯಾಕೆ?’

ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಅವಳು ಹೇಳಿದ್ದು ಪೂರ್ತಿ ಸರಿ. ಲೆಕ್ಕ ಸರಿಯಾಗಿ ಕೂತ ಕೂಟದಲ್ಲಿ ಯಾರೂ ಮೋಸ ಮಾಡುವುದಿಲ್ಲ, ಮತ್ತು ಆ ಮಾತು ಎಲ್ಲರಿಗೂ ಗೊತ್ತು. ಗಲ್ಲಾಪೆಟ್ಟಿಗೆ ಬರಿದಾದರೆ ಅದು ಬೇಡಿಕೆ ಕುಸಿದದ್ದರಿಂದಲೇ ಎಂದೂ ಗೊತ್ತು. ಹಾಗಿದ್ದೂ ದರಸಮರ ನಡೆಯುತ್ತದೆ. ಸಮರ ನಡೆಯುವುದು ಸಿಟ್ಟಿನಿಂದಲ್ಲ, ಅನುಮಾನದಿಂದಲೂ ಅಲ್ಲ. ಈ ಸಲ ಬಿಟ್ಟುಬಿಡೋಣ ಎಂದು ಒಮ್ಮೆ ನಿರ್ಧರಿಸಿದರೆ, ಮುಂದಿನ ಸಲವೂ ಬಿಟ್ಟುಬಿಡುತ್ತಾರೆ ಎಂಬ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆ ಹುಟ್ಟಿದ ದಿನವೇ ಮೋಸ ಲಾಭದಾಯಕವಾಗುತ್ತದೆ. ಒಟ್ಟಿನಲ್ಲಿ, ಪ್ರಾಮಾಣಿಕರನ್ನು ಪ್ರಾಮಾಣಿಕರಾಗಿ ಉಳಿಸುತ್ತಿರುವುದೇ ಆ ಶಿಕ್ಷೆ. ಅದನ್ನು ಅವರ ಪ್ರಾಮಾಣಿಕತೆಯನ್ನೇ ಮುಂದಿಟ್ಟುಕೊಂಡು ಮನ್ನಾ ಮಾಡಲು ಬರುವುದಿಲ್ಲ.

ಇನ್ನೊಂದು ಅನುಮಾನವೂ ಉಳಿಯುತ್ತದೆ. ಸಮರದ ವಾರಗಳಲ್ಲಿ ಒಬ್ಬ ಕಂಪನಿಯವನು ‘ನಾನೇಕೆ ನಷ್ಟ ಮಾಡಿಕೊಳ್ಳಲಿ, ಹಳೆಯ ದರಕ್ಕೇ ನಿಲ್ಲುತ್ತೇನೆ’ ಎಂದರೆ? ನಿಲ್ಲಬಹುದು, ಆದರೆ ಉಳಿದವರು ದರ ಇಳಿಸಿರುವಾಗ ಅವನ ಬಳಿ ಯಾವ ಗಿರಾಕಿಯೂ ಬರುವುದಿಲ್ಲ. ಎಲ್ಲರೂ ಇಳಿಸುತ್ತಾರೆಂದು ಗೊತ್ತಿದ್ದರೆ ಇಳಿಸುವುದೇ ಅವನಿಗೂ ಲೇಸು. ದರ ಮೇಲಿರುವ ವಾರಗಳಲ್ಲಿ ಮೇಲಿಡುವುದು ಲಾಭ, ಸಮರದ ವಾರಗಳಲ್ಲಿ ಇಳಿಸುವುದು ಲಾಭ. ಯಾವ ಘಟ್ಟದಲ್ಲೂ ಒಬ್ಬನೇ ದಾರಿ ಬಿಟ್ಟು ನಡೆದರೆ ಅವನಿಗೇ ಕೇಡು. ಅರ್ಥಶಾಸ್ತ್ರದಲ್ಲಿ ಸಮತೋಲನ ಎನ್ನುವುದು ಇದಕ್ಕೇ. ದರ ಅಲುಗಾಡದೆ ನಿಲ್ಲಬೇಕೆಂದು ಅದು ಕೇಳುವುದಿಲ್ಲ. ಏರುವ ವಾರ, ಬೀಳುವ ವಾರ, ಮತ್ತೆ ಏರುವ ವಾರ, ಇವೆಲ್ಲವೂ ಸೇರಿ ಒಂದೇ ಸಮತೋಲನ.

ಕಾಗದದ ಮೇಲೆ ಇದು ಚೆನ್ನಾಗಿ ಕೂರುತ್ತದೆ ಸರಿ, ಷಿಕಾಗೊದ ರೈಲ್ವೆಗಳು ನಿಜವಾಗಿ ಹೀಗೇ ನಡೆದುಕೊಂಡವೇ? ಇದನ್ನು ಪರೀಕ್ಷಿಸಿದವರೂ ಪೋರ್ಟರ್ ಅವರೇ, 1983ರ ಇನ್ನೊಂದು ಅಧ್ಯಯನದಲ್ಲಿ. 1880ರಿಂದ 1886ರವರೆಗೆ 328 ವಾರಗಳ ದರ ಮತ್ತು ಸರಕಿನ ಪ್ರಮಾಣ ಅವರ ಕೈಲಿತ್ತು. ನೂರು ಪೌಂಡ್ ಧಾನ್ಯದ ಸಾಗಣೆ ದರ ಈ ಅವಧಿಯಲ್ಲಿ ಒಮ್ಮೆ 40 ಸೆಂಟ್ ಮುಟ್ಟಿತ್ತು, ಒಮ್ಮೆ 12.5 ಸೆಂಟಿಗೆ ಬಿದ್ದಿತ್ತು. ಆದರೆ ದರ ಏರಿಳಿಯಿತೆಂದ ಮಾತ್ರಕ್ಕೆ ಸಮರವೆನ್ನಲಾಗದು. ಬೇಡಿಕೆ ಕುಗ್ಗಿದರೆ ದರ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಪೋರ್ಟರ್ ಬೇಡಿಕೆಯಿಂದ ಬಂದ ಏರಿಳಿತವನ್ನು ಬೇರ್ಪಡಿಸಿ, ಉಳಿದದ್ದರಲ್ಲಿ ಕಂಪನಿಗಳ ನಡವಳಿಕೆಯೇ ಬದಲಾದ ಗುರುತು ಇದೆಯೇ ಎಂದು ಹುಡುಕಿದರು. ಗುರುತು ಸ್ಪಷ್ಟವಾಗಿತ್ತು. ಮಿಕ್ಕೆಲ್ಲ ಒಂದೇ ಆಗಿದ್ದರೆ, ಒಪ್ಪಂದ ನಡೆಯುತ್ತಿದ್ದ ವಾರಗಳಲ್ಲಿ ದರ ಸಮರದ ವಾರಗಳಿಗಿಂತ ಸುಮಾರು ಶೇ 66ರಷ್ಟು ಹೆಚ್ಚು, ಸಾಗಿದ ಧಾನ್ಯ ಸುಮಾರು ಶೇ 33ರಷ್ಟು ಕಡಿಮೆ. 1881, 1884, 1885ರಲ್ಲಿ ದರಸಮರಗಳು ನಡೆದವು. ಪ್ರತಿ ಸಲವೂ ಕೂಟ ಮತ್ತೆ ಕೂಡಿಕೊಂಡಿತು, ದರ ಮತ್ತೆ ಏರಿತು. ಒಪ್ಪಂದ ಮುರಿದಿದ್ದರೆ ಇಷ್ಟು ಸಲ ಎದ್ದು ನಿಲ್ಲುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಮನಮುಟ್ಟಿದ ಸಾಕ್ಷ್ಯ ಬೇರೆ. ಷಿಕಾಗೊ ಮಿಷಿಗನ್ ಸರೋವರದ ದಡದಲ್ಲಿದೆ. ಧಾನ್ಯವನ್ನು ಹಡಗಿಗೆ ತುಂಬಿ, ಮಹಾಸರೋವರಗಳ ಮೂಲಕ ಬಫಲೊ ತಲುಪಿಸಿ, ಅಲ್ಲಿಂದ ಕಾಲುವೆಯಲ್ಲಿ ನ್ಯೂಯಾರ್ಕಿಗೆ ಒಯ್ಯಬಹುದಿತ್ತು. ರೈಲಿಗಿಂತ ನಿಧಾನ, ಆದರೆ ಅಗ್ಗ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿದಾಗ ರೈಲೊಂದೇ ಗತಿ. ವಸಂತದಲ್ಲಿ ಹಿಮ ಕರಗಿ ಹಡಗು ಹೊರಟ ಕೂಡಲೇ ರೈಲಿನ ಬೇಡಿಕೆ ಬೀಳುತ್ತಿತ್ತು. ಬೇಡಿಕೆ ಬಿದ್ದರೆ ಸಮರ ಎಂಬುದಷ್ಟೇ ನಿಜವಾಗಿದ್ದರೆ ಪ್ರತಿ ವಸಂತದಲ್ಲೂ ದರಸಮರ ನಡೆಯಬೇಕಿತ್ತು. ಹಾಗಾಗಲಿಲ್ಲ. ಹಡಗಿನ ಕಾಲ ಬಂದಾಗ ಕೂಟ ತನ್ನ ದರವನ್ನು ಕ್ರಮವಾಗಿ ಇಳಿಸುತ್ತಿತ್ತು, ಸರೋವರ ಮುಚ್ಚಿದಾಗ ಏರಿಸುತ್ತಿತ್ತು, ಒಪ್ಪಂದ ಅದರ ಪಾಡಿಗೆ ನಡೆಯುತ್ತಿತ್ತು. ಏಕೆಂದರೆ ಹಿಮ ಕರಗುವುದು ಎಲ್ಲರ ಕಣ್ಣಿಗೂ ಕಾಣುವ ಸಂಗತಿ. ವ್ಯಾಗನ್ ಖಾಲಿಯಾದರೆ ಕಾರಣ ಎಲ್ಲರಿಗೂ ಗೊತ್ತು, ಮೋಸಗಾರ ಅದರ ಹಿಂದೆ ಬಚ್ಚಿಟ್ಟುಕೊಳ್ಳಲಾರ, ಹಾಗಾಗಿ ದಂಡದ ಅಗತ್ಯವೂ ಇಲ್ಲ. ಸಮರಕ್ಕೆ ಕಾರಣವಾಗುವುದು ಯಾರೂ ಮುಂಗಾಣದ, ಯಾರಿಗೂ ವಿವರಿಸಲಾಗದ ಕುಸಿತ. ಇಡೀ ಸಿದ್ಧಾಂತದಲ್ಲಿ ಬೇಡಿಕೆಗಿಂತ ಮಾಹಿತಿಯ ಪಾತ್ರ ದೊಡ್ಡದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು.

ಇದಕ್ಕೆ ಎದುರಾದ ವಾದವೂ ಇದೆ, ಅದನ್ನು ಮುಚ್ಚಿಡಬಾರದು. ಹೂಲಿಯೊ ರೋಟೆಂಬರ್ಗ್ ಮತ್ತು ಗಾರ್ತ್ ಸಲೋನರ್ 1986ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಉಲ್ಟಾ: ವ್ಯಾಪಾರ ಜೋರಾಗಿರುವಾಗಲೇ ಕೂಟಗಳು ಸಡಿಲವಾಗುತ್ತವೆ, ಏಕೆಂದರೆ ಆಗ ಮೋಸದಿಂದ ದೋಚಬಹುದಾದದ್ದು ಹೆಚ್ಚು. ಎರಡೂ ವಾದ ತಮ್ಮ ತಮ್ಮ ಜಾಗದಲ್ಲಿ ಸರಿ. ಪ್ರತಿಸ್ಪರ್ಧಿಯ ದರ ಎಲ್ಲರಿಗೂ ಕಾಣುವ, ಬೇಡಿಕೆಯ ಸ್ಥಿತಿಯೂ ಗೊತ್ತಿರುವ ಉದ್ದಿಮೆಗೆ ಅವರ ಮಾತು ಹೊಂದುತ್ತದೆ. ಕತ್ತಲಲ್ಲಿ ವ್ಯವಹಾರ ನಡೆಯುವ ಉದ್ದಿಮೆಗೆ ಗ್ರೀನ್ ಮತ್ತು ಪೋರ್ಟರ್ ಮಾತು ಹೊಂದುತ್ತದೆ. ಅದೇ ರೈಲ್ವೆ ಅಂಕಿಅಂಶವನ್ನು ಗ್ಲೆನ್ ಎಲ್ಲಿಸನ್ 1994ರಲ್ಲಿ ಎರಡೂ ಸಿದ್ಧಾಂತಗಳ ಎದುರಿಗಿಟ್ಟು ನೋಡಿದಾಗ ತಕ್ಕಡಿ ಗ್ರೀನ್–ಪೋರ್ಟರ್ ಕಡೆಗೇ ವಾಲಿತು. ಸಿದ್ಧಾಂತಕ್ಕೆ ಇನ್ನೊಂದು ಮಿತಿಯೂ ಇದೆ. ಸಮರ ಶುರುವಾದ ಕೂಡಲೇ ಎಲ್ಲರೂ ಮತ್ತೆ ಮೇಜಿನ ಸುತ್ತ ಕುಳಿತು ‘ಇದು ಯಾರಿಗೂ ಬೇಡ, ನಿಲ್ಲಿಸಿಬಿಡೋಣ’ ಎಂದು ಒಪ್ಪಿಕೊಳ್ಳುವಂತಿದ್ದರೆ ಶಿಕ್ಷೆಯ ಭಯವೇ ಉಳಿಯದು. ಅಂಥ ಮಾತುಕತೆಗೆ ದಾರಿಯಿಲ್ಲ, ಅಥವಾ ಇದ್ದರೂ ಅದನ್ನು ಯಾರೂ ನಂಬುವುದಿಲ್ಲ ಎಂಬುದು ಈ ವಾದದ ಆಧಾರ.

ಇದರಿಂದ ನಮಗೇನು ಎಂದು ಕೇಳುವವರಿಗೆ ಎರಡು ಮಾತು. ಮೊದಲನೆಯದು, ‘ನಮ್ಮ ನಡುವೆ ದರಸಮರವೇ ನಡೆದಿದೆ, ನಾವು ಕೂಡಿಕೊಂಡಿದ್ದೇವೆ ಎನ್ನುವುದು ಸುಳ್ಳು’ ಎಂದು ಯಾವುದೇ ಉದ್ದಿಮೆ ವಾದಿಸಿದರೆ ಅದನ್ನು ಸುಮ್ಮನೆ ಒಪ್ಪಬಾರದು. ನೋಡಬೇಕಾದದ್ದು ದರ ಬಿದ್ದದ್ದನ್ನಷ್ಟೇ ಅಲ್ಲ. ಅದು ಬಿದ್ದದ್ದು ಕಾರಣ ಕಾಣದ ಮಾರಾಟ ಕುಸಿತದ ಬೆನ್ನಿಗೇ? ಖರ್ಚು ಇಳಿಯದಿದ್ದರೂ ಬಿತ್ತೇ? ಕೆಲವು ವಾರದ ಬಳಿಕ, ಖರ್ಚೂ ಬೇಡಿಕೆಯೂ ಅಷ್ಟಾಗಿ ಬದಲಾಗದೆ, ಎಲ್ಲರ ದರವೂ ಒಟ್ಟಿಗೇ ಹಳೆಯ ಮಟ್ಟಕ್ಕೆ ಏರಿತೇ? ನಿಜವಾದ ಪೈಪೋಟಿಯಲ್ಲಿ ಹಾಗೆ ಒಟ್ಟಿಗೇ ಏರಲು ಕಾರಣವಿರುವುದಿಲ್ಲ.

ಎರಡನೆಯದು ಸರ್ಕಾರಗಳಿಗೆ ಸಂಬಂಧಿಸಿದ್ದು, ನನಗೆ ಹೆಚ್ಚು ಆತಂಕ ತರುವಂಥದ್ದು. ಯಾರು ಯಾರಿಗೆ ಎಷ್ಟು ದರಕ್ಕೆ ಕೊಟ್ಟರು ಎಂಬುದನ್ನು ಬಹಿರಂಗಪಡಿಸಿದರೆ ಗಿರಾಕಿಗೆ ಅನುಕೂಲ ಎಂಬ ನಂಬಿಕೆ ಬಲವಾಗಿದೆ. ಬಿಡಿ ಗಿರಾಕಿಗಳ ಅಂಗಡಿ ವ್ಯಾಪಾರದಲ್ಲಿ ಅದು ನಿಜವಿರಬಹುದು. ಕೆಲವೇ ದೊಡ್ಡ ಮಾರಾಟಗಾರರಿರುವ ಕಡೆ ಅದರ ಫಲ ಬೇರೆಯೇ. ಡೆನ್ಮಾರ್ಕಿನ ಸ್ಪರ್ಧಾ ಪ್ರಾಧಿಕಾರ 1993ರಲ್ಲಿ ರೆಡಿಮಿಕ್ಸ್ ಕಾಂಕ್ರೀಟ್ ಮಾರಾಟಗಾರರ ನಿಜವಾದ ದರಗಳನ್ನು, ಅಂದರೆ ಇನ್‌ವಾಯ್ಸ್‌ನಲ್ಲಿ ರಿಯಾಯಿತಿ ಕಳೆದು ಉಳಿದ ದರಗಳನ್ನು, ಕಂಪನಿಯ ಹೆಸರಿನ ಸಮೇತ ಪ್ರಕಟಿಸಲು ಶುರುಮಾಡಿತು. ಪೈಪೋಟಿ ಹೆಚ್ಚಲಿ ಎಂಬುದು ಉದ್ದೇಶ. ಒಂದು ವರ್ಷದೊಳಗೆ ದರಗಳು ಶೇ 15ರಿಂದ 20ರಷ್ಟು ಏರಿದವು. ಅಲ್ಲಿಯವರೆಗೆ ಒಬ್ಬ ಗುತ್ತಿಗೆದಾರನಿಗೆ ಗುಟ್ಟಾಗಿ ಕೊಡುತ್ತಿದ್ದ ರಿಯಾಯಿತಿ ಈಗ ಸರ್ಕಾರದ ಪಟ್ಟಿಯಲ್ಲೇ ಎದುರಾಳಿಗೆ ಕಾಣುತ್ತಿತ್ತು. ಹಾಗಾಗಿ ಯಾರೂ ಕೊಡಲಿಲ್ಲ. ರೈಲ್ವೆ ಕೂಟದ ಕಚೇರಿ ವಾರವಾರ ಲೆಕ್ಕ ತರಿಸಿಯೂ ತಿಳಿಯಲಾಗದೆ ಒದ್ದಾಡಿದ ಮಾಹಿತಿಯನ್ನು ಇಲ್ಲಿ ಸರ್ಕಾರವೇ ಸಂಗ್ರಹಿಸಿ ಮಾರಾಟಗಾರರ ಕೈಗಿಟ್ಟಂತಾಯಿತು. ದರಸಮರದ ಅಗತ್ಯವೂ ತಪ್ಪಿತು, ಸಮರದ ವಾರಗಳಲ್ಲಿ ಗಿರಾಕಿಗೆ ಸಿಗಬಹುದಾಗಿದ್ದ ಅಗ್ಗದ ದರವೂ ತಪ್ಪಿತು. ನಮ್ಮಲ್ಲೂ ಸಿಮೆಂಟು, ಉಕ್ಕು, ಸಾಗಣೆಯಂಥ ಉದ್ದಿಮೆಗಳ ವಹಿವಾಟಿನ ದರಗಳನ್ನು ಪ್ರಕಟಿಸಿ ಎಂದು ಒತ್ತಾಯಿಸುವವರು ಮೊದಲು ಆ ಪಟ್ಟಿಯನ್ನು ಯಾರು ಹೆಚ್ಚು ಗಮನವಿಟ್ಟು ಓದುತ್ತಾರೆ ಎಂದು ವಿಚಾರಿಸಬೇಕು. ಪ್ರಾಧಿಕಾರ ಕಂಪನಿವಾರು ದರಗಳನ್ನು ತನ್ನ ತನಿಖೆಗೆ ತರಿಸಿಟ್ಟುಕೊಳ್ಳಲಿ. ಹೊರಗೆ ಕೊಡುವುದಾದರೆ ಕಂಪನಿಗಳ ಹೆಸರು ತೆಗೆದು, ಒಟ್ಟು ಸರಾಸರಿಯನ್ನಷ್ಟೇ, ಕೆಲವು ತಿಂಗಳು ತಡವಾಗಿ ಕೊಡಲಿ.